ಸೌಂಡ್‌ಬಾರ್‌ನಲ್ಲಿ ಮಾತು ತಡವಾಗಿ ಬರುತ್ತಿದ್ದರೆ

ಸದಸ್ಯರ ಗಮನಕ್ಕೆ: ತುಟಿ ಮೊದಲು ಆಡಿ ಮಾತು ಆಮೇಲೆ ಕೇಳಿಸಿದರೆ, ಸೌಂಡ್‌ಬಾರ್‌ನ ಆಡಿಯೋ ಡಿಲೇಯನ್ನು ಹೆಚ್ಚಿಸಬೇಡಿ. ಆ ಸೆಟ್ಟಿಂಗ್ ಸದ್ದನ್ನು ಇನ್ನಷ್ಟು ತಡಮಾಡುತ್ತದೆ, ಮುಂದಕ್ಕೆ ಎಳೆಯಲಾರದು. ಸೌಂಡ್‌ಬಾರ್ ಮತ್ತು ಟಿವಿ ಎರಡರಲ್ಲೂ ಅದನ್ನು 0 ಮಾಡಿ.

ಆಮೇಲೂ ತಡವಿದ್ದರೆ ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನು PCM ಗೆ ಬದಲಿಸಿ. ಡಾಲ್ಬಿ ಸದ್ದನ್ನು ಬಿಡಿಸಲು ಸೌಂಡ್‌ಬಾರ್‌ಗೆ ಹಿಡಿಯುವ ಸಮಯ ಉಳಿಯುತ್ತದೆ. ಸರೌಂಡ್ ಮಾತ್ರ ಹೋಗಿ ಸ್ಟೀರಿಯೋ ಆಗುತ್ತದೆ. ಟಿವಿಗೆ ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ ಮೊದಲು HDMI ARC ಅಥವಾ ಆಪ್ಟಿಕಲ್ ಕೇಬಲ್ ಹಾಕಿ. ಸಾಧಾರಣ ಬ್ಲೂಟೂತ್‌ನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಮಾಮೂಲು.

ಲ್ಯಾಪ್‌ಟಾಪ್‌ನಿಂದ ಬ್ಲೂಟೂತ್ ಸ್ಪೀಕರ್‌ಗೆ ಸಿನಿಮಾ ಹಾಕುವವರಿಗೆ ಒಳ್ಳೆಯ ದಾರಿಯಿದೆ. ವಿಂಡೋಸ್‌ನ VLC ಯಲ್ಲಿ `J` ಒಂದು ಸಲ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ಮುಂಚಿತವಾಗುತ್ತದೆ, `K` ಒತ್ತಿದರೆ ಅಷ್ಟೇ ತಡವಾಗುತ್ತದೆ. 150 ಮಿಲಿಸೆಕೆಂಡ್ ತಡಕ್ಕೆ `J` ಮೂರು ಸಲ.

ಸರಿಹೋಯಿತೇ ಎಂದು ನೋಡಲು ಹತ್ತಿರದಿಂದ ಮುಖ ತೋರಿಸುವ ದೃಶ್ಯ ಹಾಕಿ, ಪ, ಬ, ಮ ಬರುವ ಮಾತು ಗಮನಿಸಿ: ಮುಚ್ಚಿದ ತುಟಿ ತೆರೆಯುವ ಕ್ಷಣಕ್ಕೇ "ಪ" ಕೇಳಬೇಕು. ಡಬ್ಬಿಂಗ್ ಆದ ಸಿನಿಮಾದಲ್ಲಿ ಈ ಪರೀಕ್ಷೆ ನಡೆಯದು.