ಗ್ರೂಪ್ ಫೋಟೋದಲ್ಲಿ ಮುಚ್ಚಿದ ಕಣ್ಣಿನ ಮುಖ ಜೋಡಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಫೋಟೋ ಸ್ಟುಡಿಯೋ ಮತ್ತು ಆಲ್ಬಮ್ ವಿಭಾಗ,
ಕಲಬುರಗಿ.

ವಿಷಯ: ಮದುವೆ ಆಲ್ಬಮ್‌ನ ಕುಟುಂಬದ ಚಿತ್ರದಲ್ಲಿ ನಮ್ಮ ತಾಯಿಯವರ ಮುಖವನ್ನು ತಪ್ಪಾಗಿ ಬದಲಿಸಿರುವುದನ್ನು ಸರಿಪಡಿಸಿ, ಆ ಹಾಳೆಯನ್ನು ಮರುಮುದ್ರಿಸಿ ಕೊಡುವ ಕುರಿತು.

ಮಾನ್ಯರೇ,

ನನ್ನ ತಮ್ಮನ ಮದುವೆಯ ಆಲ್ಬಮ್ ತಮ್ಮಲ್ಲಿಂದ ತಲುಪಿದೆ. ಉಳಿದ ಹಾಳೆಗಳ ಬಗ್ಗೆ ತಕರಾರಿಲ್ಲ. ಆದರೆ ಎರಡು ಪುಟ ಹರಡಿಕೊಂಡಿರುವ ಕುಟುಂಬದ ಚಿತ್ರವನ್ನು ನೋಡಿದ ಕೂಡಲೇ ನನ್ನ ತಂಗಿ "ಅವ್ವನ ಮಾರಿ ಹಿಂಗ್ಯಾಕ ಆಗ್ಯಾದ?" ಎಂದು ಕೇಳಿದಳು. ನಾನೂ ಫೋಟೋ ಎಡಿಟಿಂಗ್ ಕೆಲಸವನ್ನೇ ಮಾಡುವವನಾದ್ದರಿಂದ, ತಾವು ಕೊಟ್ಟ ಪೆನ್‌ಡ್ರೈವ್‌ನಲ್ಲಿದ್ದ ಮೂಲ ಚಿತ್ರಗಳನ್ನು ತೆರೆದು, ತಪ್ಪು ಎಲ್ಲಿ ಆಗಿದೆ ಎಂಬುದನ್ನು ಪರಿಶೀಲಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆಲ್ಬಮ್‌ಗೆ ಆರಿಸಿದ ಮೂಲ ಚಿತ್ರದಲ್ಲಿ ತಾಯಿಯವರ ಕಣ್ಣುಗಳು ಚೆನ್ನಾಗಿಯೇ ತೆರೆದಿದ್ದವು. ಯಾರೋ ಎಸೆದ ಅಕ್ಷತೆ ಅವರ ತುಟಿ ಮತ್ತು ಗದ್ದಕ್ಕೆ ಅಡ್ಡ ಬಂದಿತ್ತು, ಅಷ್ಟೇ. ಅದನ್ನು ಮರೆಮಾಡಲು ತಮ್ಮ ಡಿಸೈನರ್ ಬೆನ್ನಿಗೇ ತೆಗೆದ ಇನ್ನೊಂದು ಚಿತ್ರದಿಂದ ಅವರ ಪೂರ್ತಿ ಮುಖವನ್ನು ತಂದು ಕೂರಿಸಿದ್ದಾರೆ. ಆ ಎರಡನೆಯ ಚಿತ್ರದಲ್ಲಿ ಫ್ಲ್ಯಾಶ್ ಬೆಳಕಿಗೆ ಅವರು ಕಣ್ಣು ಮಿಟುಕಿಸಿದ್ದಾರೆ.

ಮುಖ ಬದಲಿಸುವ ಸಾಫ್ಟ್‌ವೇರ್ ಎರಡೂ ಮುಖಗಳ ಮೇಲೆ ಕಣ್ಣಿನ ಮೂಲೆ, ರೆಪ್ಪೆಯ ಅಂಚು, ಮೂಗು, ತುಟಿಗಳ ಗುರುತು ಬಿಂದುಗಳನ್ನು ಹಾಕಿಕೊಂಡು, ಅವುಗಳ ನಡುವಿನ ಚಿಕ್ಕ ತ್ರಿಕೋನಗಳನ್ನು ಒಂದೊಂದಾಗಿ ಎಳೆದು ಹೊಂದಿಸುತ್ತದೆ ಎಂಬುದು ತಮಗೆ ಗೊತ್ತಿರುವ ವಿಚಾರ. ನಾನು ಅಳೆದಾಗ ಮೂಲ ಚಿತ್ರದಲ್ಲಿ ಕಣ್ಣಿನ ಅಗಲ ಸುಮಾರು 60 ಪಿಕ್ಸೆಲ್, ತೆರೆದ ಎತ್ತರ ಸುಮಾರು 20 ಇತ್ತು. ತಂದಿಟ್ಟ ಮುಖದಲ್ಲಿ ಅಗಲ ಅಷ್ಟೇ ಇದ್ದರೂ ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ಬಿಂದುಗಳ ನಡುವೆ 4 ಪಿಕ್ಸೆಲ್ ಮಾತ್ರ ಉಳಿದಿತ್ತು. ಆ 4 ಪಿಕ್ಸೆಲ್‌ನಲ್ಲಿ ಇರುವುದು ಕಣ್ಣುಗುಡ್ಡೆಯಲ್ಲ, ರೆಪ್ಪೆಗೂದಲ ಗೆರೆ. ಅದನ್ನೇ ಐದು ಪಟ್ಟು ಹಿಗ್ಗಿಸಿದ್ದರಿಂದ ಕಣ್ಣಿನ ಜಾಗದಲ್ಲಿ ಕಂದು ಬಣ್ಣದ ಕಲೆ ಹರಡಿಕೊಂಡಿದೆ. ಅಂಚಿನ ಬಣ್ಣವನ್ನು ಎಷ್ಟು ನಯವಾಗಿ ಬೆರೆಸಿದರೂ ಇದು ಹೋಗುವುದಿಲ್ಲ, ಏಕೆಂದರೆ ದೋಷ ಅಂಚಿನಲ್ಲಿಲ್ಲ. ಅದರ ಮೇಲೆ ಯಾರೋ ಬ್ರಷ್‌ನಿಂದ ಎರಡು ಕಪ್ಪು ಗುಡ್ಡೆಗಳನ್ನು ಬಳಿದಿರುವುದಂತೂ ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತ ಎಲ್ಲರ ಕಣ್ಣಿನಲ್ಲೂ ಎಡಗಡೆಯ ಲೈಟಿನ ಬಿಳಿ ಹೊಳಪಿದೆ. ತಾಯಿಯವರ ಕಣ್ಣಿನಲ್ಲಿ ಮಾತ್ರ ಇಲ್ಲ.

ಇದಕ್ಕೆ ದೊಡ್ಡ ಕೆಲಸವೇನೂ ಬೇಕಿರಲಿಲ್ಲ. ಮೂಲ ಚಿತ್ರದ ಕಣ್ಣು, ರೆಪ್ಪೆ, ಹುಬ್ಬುಗಳನ್ನು ಹಾಗೆಯೇ ಉಳಿಸಿಕೊಂಡು, ಮೂಗಿನ ತುದಿಯಿಂದ ಕೆಳಗಿನ ಭಾಗವನ್ನು ಮಾತ್ರ ಎರಡನೆಯ ಚಿತ್ರದಿಂದ ಎರವಲು ಪಡೆದು, ಮಾಸ್ಕ್‌ನ ಅಂಚನ್ನು ಕೆನ್ನೆಯ ನಡುವೆ, ಯಾವ ಗೆರೆಯೂ ಇಲ್ಲದ ಜಾಗದಲ್ಲಿ ಮೆದುವಾಗಿ ಮುಗಿಸಿದ್ದರೆ ಸಾಕಿತ್ತು. ತುಟಿ ನಗುವಾಗ ಕೆನ್ನೆ ಮೇಲೇರಿ ಕೆಳರೆಪ್ಪೆಯನ್ನು ತಳ್ಳುತ್ತದೆ. ಆದ್ದರಿಂದ ಜೋರಾಗಿ ನಗುವ ಬಾಯಿಯನ್ನು ಅಗಲಕ್ಕೆ ತೆರೆದ ಕಣ್ಣಿನ ಕೆಳಗೆ ಇಟ್ಟರೆ ಅದೂ ಸುಳ್ಳಾಗಿ ಕಾಣುತ್ತದೆ. ನಮ್ಮ ಅದೃಷ್ಟಕ್ಕೆ ಎರಡೂ ಚಿತ್ರಗಳಲ್ಲಿ ತಾಯಿಯವರು ತುಟಿ ಮುಚ್ಚಿಕೊಂಡೇ ಇದ್ದಾರೆ, ತಲೆಯ ಓರೆಯೂ ಬದಲಾಗಿಲ್ಲ.

ಮೂರನೆಯ ಚಿತ್ರವೊಂದರಲ್ಲಿ ಅವರ ಕಣ್ಣು ತೆರೆದಿದ್ದು ಅಕ್ಷತೆಯೂ ಇಲ್ಲ. ಆದರೆ ಅಲ್ಲಿ ಅವರು ಅಯ್ಯನವರ ಕಡೆ ಬಲಕ್ಕೆ ತಿರುಗಿರುವುದರಿಂದ ಮೂಗಿನ ನೆರಳು ಬೇರೆಯಾಗಿದೆ. ಸುಲಭವೆಂದು ದಯವಿಟ್ಟು ಅದನ್ನು ಬಳಸಬೇಡಿ.

ಆದಕಾರಣ ಮೂಲ ಚಿತ್ರದಿಂದಲೇ ಕೆಲಸವನ್ನು ಹೊಸದಾಗಿ ಮಾಡಿಸಿ, ಮುದ್ರಣಕ್ಕೆ ಕಳುಹಿಸುವ ಮೊದಲು ತಾಯಿಯವರ ಮುಖದ ಭಾಗವನ್ನು ಪೂರ್ಣ ಗಾತ್ರದಲ್ಲಿ ನನಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂದು ಕೋರುತ್ತೇನೆ. ತಮ್ಮಲ್ಲಿ ಅದು ಆಗದಿದ್ದರೆ ಮುಖವನ್ನು ಮುಟ್ಟದೆ, ಅಕ್ಷತೆ ಇದ್ದ ಮೂಲ ಚಿತ್ರವನ್ನೇ ಮುದ್ರಿಸಿರಿ. ಗದ್ದದ ಮೇಲೆ ನಾಲ್ಕು ಕಾಳು ಅಕ್ಕಿ ಇದ್ದರೆ ನಮಗೇನೂ ಬೇಸರವಿಲ್ಲ. ಹಾಳೆಯ ಮರುಮುದ್ರಣ ಮತ್ತು ಬೈಂಡಿಂಗ್ ವೆಚ್ಚವನ್ನು ತಾವೇ ಭರಿಸಬೇಕು. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುವುದು ಅನಿವಾರ್ಯವಾಗುತ್ತದೆ.

ಮೂರೂ ಚಿತ್ರಗಳ ಪ್ರತಿ, ಆಲ್ಬಮ್ ಹಾಳೆಯ ಫೋಟೋ ಮತ್ತು ಹಣ ಪಾವತಿಸಿದ ರಸೀದಿಯನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ಕಲಬುರಗಿ