ಗೋಡೆಯ ಮೇಲಿನ ಹನ್ನೆರಡು ಹಾಳೆಗಳು

ಮೊನ್ನೆ ಅಂಗಡಿಯ ಒಳಕೋಣೆಯ ಗೋಡೆಗೆ ಹನ್ನೆರಡನೆಯ ಹಾಳೆ ಅಂಟಿಸಿದೆ. ಅಂದ್ರೆ ಒಂದು ವರ್ಷ ಪೂರ್ತಿ ನಮ್ಮ ಇಳಕಲ್ ಸೀರೆಯ ಪೇಜಿನಲ್ಲಿ ವಾರಕ್ಕೆ ಮೂರು ಪೋಸ್ಟ್ ತಪ್ಪದೆ ಹೋಗಿವೆ. ದೊಡ್ಡ ಸಾಧನೆ ಏನಲ್ಲ ಬಿಡಿ. ಆದರೆ ಹೋದ ವರ್ಷ ಇದೇ ಹೊತ್ತಿಗೆ ಇಪ್ಪತ್ತಮೂರು ದಿನ ಒಂದಕ್ಷರ ಹಾಕದೆ ಫೋನ್ ನೋಡಿಕೊಂಡು ಕೂತಿದ್ದವಳು ನಾನು. ಹಾಗಾಗಿ ಕೆಲವರಿಗೆ ಋಣ ಹೇಳಲೇಬೇಕು.

ಆಗ ಆಗಿದ್ದು ಇಷ್ಟು. ವ್ಯಾಪಾರ ಬಿದ್ದಿತ್ತು. ಪೇಜ್ ನೋಡಿಕೊಳ್ಳಲು ದುಡ್ಡು ಕೊಟ್ಟು ಒಬ್ಬರಿಗೆ ವಹಿಸಿದ್ದೆ. ಅವರು ದಿನಾ ಶುಭೋದಯ, ಹಬ್ಬಕ್ಕೆ ಶುಭಾಶಯ, ನಡುವೆ ಒಂದು 'ಹೊಸ ಸ್ಟಾಕ್ ಬಂದಿದೆ'. ಅದನ್ನೇ ಚಪ್ಪಲಿ ಅಂಗಡಿಯವರೂ ಹಾಕಬಹುದಿತ್ತು. ಬಿಡಿಸಿಕೊಂಡು ನಾನೇ ಶುರು ಮಾಡಿದೆ. ಹದಿನೈದು ದಿನದಲ್ಲಿ ನನ್ನ ಬಳಿ ಇದ್ದದ್ದೆಲ್ಲ ಖಾಲಿ. ಬೆಳಗ್ಗೆ ಎದ್ದ ಕೂಡಲೇ 'ಇವತ್ತು ಏನು ಹಾಕಲಿ' ಅನ್ನೋ ಪ್ರಶ್ನೆ ಎದುರಿಗೆ ನಿಲ್ಲುತ್ತಿತ್ತು.

ಮೊದಲ ನಮಸ್ಕಾರ ನಮ್ಮ ಪಕ್ಕದ ಮನೆಯ ಟೀಚರಿಗೆ. ರಿಟೈರ್ ಆಗಿ ವರ್ಷಗಳಾಗಿವೆ, ಇನ್‌ಸ್ಟಾಗ್ರಾಮ್ ಅವರ ಫೋನಿನಲ್ಲೇ ಇಲ್ಲ. ನನ್ನ ಗೋಳು ಕೇಳಿ ನಕ್ಕುಬಿಟ್ಟರು. "ನಾ ಮೂವತ್ತು ವರ್ಷ ದಿನಾ ಐದು ಪೀರಿಯಡ್ ತಗೊಂಡೀನಿ. ಬೆಳಗ್ಗೆ ಎದ್ದು ಇವತ್ತ ಏನ್ ಕಲಿಸಲಿ ಅಂತ ಯಾವತ್ತೂ ಕೂತಿಲ್ಲ. ಟೈಮ್‌ಟೇಬಲ್‌ನಾಗ ಗಣಿತ ಇದ್ದೇ ಇರ್ತದ, ಪಾಠ ಅಷ್ಟ ಬದಲಾಗ್ತದ" ಅಂದರು.

ಕಂಟೆಂಟ್ ಪಿಲ್ಲರ್ ಅಂತ ಎಷ್ಟೋ ವಿಡಿಯೋ ನೋಡಿದ್ದೆ, ಅವತ್ತೇ ಅರ್ಥವಾಗಿದ್ದು. ಪಿಲ್ಲರ್ ಅಂದ್ರೆ ವಿಷಯ: ಗಣಿತ, ಕನ್ನಡ, ವಿಜ್ಞಾನದ ಹಾಗೆ. ಅದು ವರ್ಷಪೂರ್ತಿ ಅಲ್ಲಾಡುವುದಿಲ್ಲ. ತಿಂಗಳ ಥೀಮ್ ಅಂದ್ರೆ ಪಾಠ. ನಾನು ಎರಡನ್ನೂ ಕಲಸಿ ಇಟ್ಟುಕೊಂಡಿದ್ದೆ. ನನ್ನ ಪಟ್ಟಿಯಲ್ಲಿ ಏಳು ಪಿಲ್ಲರ್ ಇದ್ದವು: ಮಗ್ಗ, ಕಸೂತಿ, ಬಣ್ಣ, ಹಬ್ಬ, ಗ್ರಾಹಕರ ಫೋಟೋ, ಹೊಸ ಸ್ಟಾಕ್, ಆರೋಗ್ಯ. ಆರೋಗ್ಯ ಯಾಕೆ ಅಂತ ಕೇಳಬೇಡಿ, ಹತ್ತಿ ಸೀರೆ ಮೈಗೆ ತಂಪು ಅಂತ ಬರೆಯೋಣ ಅಂದುಕೊಂಡಿದ್ದೆ.

ಟೀಚರ್ ಒಂದು ಪರೀಕ್ಷೆ ಇಟ್ಟರು. ಒಂದೊಂದರ ಕೆಳಗೂ, ಅಂಗಡಿಗೆ ಬಂದವರು ನಿಜವಾಗಿ ಕೇಳಿದ ಹತ್ತು ಪ್ರಶ್ನೆ ಬರಿ. ನಿನ್ನ ತಲೆಯಿಂದ ಹುಟ್ಟಿದ್ದು ಬೇಡ. ಆರೋಗ್ಯದ ಕೆಳಗೆ ಒಂದೇ ಪ್ರಶ್ನೆ ಬಂತು, ಅಂದ್ರೆ ಅದು ಪಿಲ್ಲರ್ ಅಲ್ಲ, ಬರೀ ಒಂದು ಪೋಸ್ಟ್. ಬಣ್ಣದ ಕೆಳಗೆ ಮೂರು ಬಂದವು. ಮೂರೂ 'ಬಣ್ಣ ಬಿಡ್ತದೇನ್ರೀ' ಅನ್ನೋದರ ಮೊಮ್ಮಕ್ಕಳೇ. ಹಬ್ಬ ಅನ್ನೋದು ವಿಷಯ ಅಲ್ಲ, ಪಾಠ. ಕಸೂತಿಗೆ ಪ್ರಶ್ನೆ ಬೇಕಾದಷ್ಟಿದ್ದವು, ಆದರೆ ಹೇಗೆ ಹಾಕ್ತಾರೆ, ಕೈಯಿಂದ ಹಾಕಿದ್ದು ಅಂತ ಹೇಗೆ ಗೊತ್ತಾಗ್ತದೆ, ಹೇಗೆ ಒಗೆಯೋದು, ಹೀಗೆ. ಅದೂ ಪಾಠವೇ ಆಯಿತು. ಕೊನೆಗೆ ಉಳಿದದ್ದು ನಾಲ್ಕು: ಹೇಗೆ ಆಗ್ತದೆ, ಅಸಲಿ ಹೇಗೆ ಗುರುತಿಸೋದು, ಹೇಗೆ ಜೋಪಾನ ಮಾಡೋದು, ಮತ್ತೆ ನಿಮ್ಮ ಟ್ರಂಕಿನ ಹಳೇ ಸೀರೆಗಳ ಕಥೆ. ನಮ್ಮ ಮನೆಯಲ್ಲಿ ಇದಕ್ಕೆ ಮಗ್ಗ, ಗುರುತು, ಜೋಪಾನ, ಪೆಟ್ಟಿಗೆ ಅಂತ ಹೆಸರಾಗಿದೆ. ಮಾರಾಟಕ್ಕೆ ಬೇರೆ ಕಂಬ ಇಲ್ಲ. ಅದು ತಿಂಗಳ ಕೊನೇ ವಾರ ಒಂದು ಪೋಸ್ಟಿನಲ್ಲಿ ಬರ್ತದೆ, ಉಳಿದದ್ದು ಸ್ಟೋರಿಯಲ್ಲಿ.

ಹಾಳೆ ಅಂದ್ರೆ ಇಷ್ಟೇ. ಮೇಲಿನಿಂದ ಕೆಳಗೆ ನಾಲ್ಕು ಕಂಬ, ಅಡ್ಡಕ್ಕೆ ನಾಲ್ಕು ವಾರ. ಹದಿನಾರು ಮನೆ. ವಾರಕ್ಕೆ ಮೂರರಂತೆ ಹನ್ನೆರಡು ತುಂಬಿಸ್ತೀನಿ, ನಾಲ್ಕು ಖಾಲಿ ಬಿಡ್ತೀನಿ. ಮೊದಲನೇ ತಿಂಗಳು ಹದಿನಾರೂ ತುಂಬಿಸಿ ಎರಡನೇ ವಾರಕ್ಕೇ ಸೋತೆ. ಈಗ ಖಾಲಿ ಮನೆಯಲ್ಲೇ ಚೆನ್ನಾಗಿರೋದು ಬಂದು ಕೂರ್ತದೆ. ಯಾರೋ ಅಜ್ಜಿಯ ಮದುವೆ ಸೀರೆಯ ಫೋಟೋ ಕಳಿಸ್ತಾರೆ, ಯಾರೋ ಸೆರಗು ಹರಿದುಕೊಂಡು ಬರ್ತಾರೆ.

ಎರಡನೆಯ ನಮಸ್ಕಾರ ಇಳಕಲ್ಲಿನ ನಮ್ಮ ನೇಕಾರ ಅಕ್ಕನಿಗೆ. ಥೀಮ್ ಎಷ್ಟು ಅಗಲ ಇರಬೇಕು ಅಂತ ಕಲಿತದ್ದು ಅವರ ಮಗ್ಗದ ಪಕ್ಕ ಕೂತು. ನನ್ನ ಮೊದಲ ಥೀಮ್ 'ಇಳಕಲ್ ಸೀರೆ' ಅಂತಲೇ ಇತ್ತು. ಎಲ್ಲವನ್ನೂ ಮೇಲೆ ಮೇಲೆ ಹೇಳಿ ಒಂದೇ ವಾರದಲ್ಲಿ ಮುಗಿಯಿತು. ಆಮೇಲೆ ಹೆದರಿ, ಅಂಚಿನ ಒಂದೇ ನಮೂನೆ ಹಿಡಿದು ಬರೀ 'ಗೋಮಿ ದಡಿ' ಅಂತ ಇಟ್ಟೆ. ಅದು ಎರಡು ವಾರ ಎಳೆಯಿತು, ಮುಂದೆ ಬರಲಿಲ್ಲ. ಪರಾಸಪೇಟ, ಗಾಡಿ ಅನ್ನೋ ಬೇರೆ ನಮೂನೆಗಳನ್ನೂ ಸೇರಿಸಿ 'ದಡಿ' ಅಂತ ಮಾಡಿದಾಗ ತಿಂಗಳಿಗೆ ಸರಿಹೋಯಿತು. ಈಗ ನನ್ನ ಅಳತೆ ಇದು: ಸೀರೆಯ ಯಾವುದಾದರೂ ಒಂದು ಭಾಗ, ಕೈಯಲ್ಲಿ ಹಿಡಿದು ತೋರಿಸಬಹುದಾದದ್ದು, ಮತ್ತು ಅದು ನಾಲ್ಕು ತುಂಡಾಗಬೇಕು. ಆಗದಿದ್ದರೆ ಅದು ವಾರದ ವಿಷಯ.

'ಸೆರಗು' ತಿಂಗಳು ನಿಮಗೆಲ್ಲ ನೆನಪಿರಬೇಕು. ಮೊದಲ ವಾರ ಟೋಪ್ ತೆನಿ ಸೆರಗಿನ ಪಟ್ಟೆಗಳು: ಸಾಮಾನ್ಯವಾಗಿ ಕೆಂಪು ಮೂರು, ನಡುವೆ ಬಿಳಿ ಎರಡು. ಎರಡನೇ ವಾರ ಕೊಂಡಿ. ಮೂರನೇ ವಾರ ಬಿಳಿಯಲ್ಲಿ ಮೂಡುವ ಆಕಾರಗಳು, ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ನಾಲ್ಕನೇ ವಾರ ಸೆರಗು ಹಾಳಾದಾಗ ಏನು ಮಾಡೋದು.

ಕೊಂಡಿಯ ವಾರವನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹಾಳೆ ಹೇಗೆ ದುಡಿಯುತ್ತದೆ ಅನ್ನೋದು ಅಲ್ಲೇ ಕಾಣೋದು. ಹಾಸು ಅಂದ್ರೆ ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ನೂಲು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ಇದು ಮಗ್ಗದ ಕಂಬಕ್ಕೆ ಹೋಯಿತು, ಅಕ್ಕನ ಬೆರಳು ಮಾತ್ರ ಕಾಣುವ ನಲವತ್ತು ಸೆಕೆಂಡಿನ ವಿಡಿಯೋ. ಅದೇ ಕೊಂಡಿಯನ್ನು ಗುರುತು ಅನ್ನೋ ಕಂಬದ ಕೆಳಗೆ ಇಟ್ಟಾಗ ಪ್ರಶ್ನೆ ಬೇರೆಯಾಯಿತು: ಅಂಗಡಿಯಲ್ಲಿ ನಿಂತು ಹೇಗೆ ನೋಡೋದು? ಸೀರೆ ತಿರುವಿ ಹಾಕಿ, ಮೈ ಮುಗಿದು ಸೆರಗು ಶುರುವಾಗೋ ಕಡೆ ಬೆರಳಾಡಿಸಿ, ಜೋಡಣೆಯ ಗೆರೆ ಸಿಗ್ತದೆ. ನೂಲೇ ಬದಲಾಗೋದರಿಂದ ಮೈ ಹಸಿರಿದ್ದರೂ ಸೆರಗಿನ ಕೆಂಪಿನಲ್ಲಿ ಹಸಿರು ಬೆರೆಯೋದಿಲ್ಲ. ಒಂದೇ ಹಾಸು ಕೊನೇತನಕ ಓಡಿದ ಸೀರೆಯಲ್ಲಿ ಮೈಬಣ್ಣದ ಎಳೆ ಸೆರಗಿನಲ್ಲೂ ಇಣುಕುತ್ತದೆ. ಜೋಪಾನದ ಕಂಬಕ್ಕೆ ಅಕ್ಕ ಹೇಳಿದ ಒಂದೇ ಮಾತು ಸಾಕಾಯಿತು: "ಆ ಗೆರಿ ಮ್ಯಾಲ ಪಿನ್ ಚುಚ್ಚಬ್ಯಾಡ್ರಿ." ಪೆಟ್ಟಿಗೆಯ ಮನೆ ಆ ವಾರ ಖಾಲಿ ಬಿಟ್ಟಿದ್ದೆ. ಗುರುವಾರ ನಿಮ್ಮಲ್ಲೊಬ್ಬರು ತಮ್ಮ ಅವ್ವನ ಸೀರೆಯ ಒಳಮೈ ಫೋಟೋ ಕಳಿಸಿ 'ಇದು ಕೊಂಡಿ ಹೌದಾ ಅಕ್ಕಾ' ಅಂದರು. ಹೌದಾಗಿತ್ತು. ಅದೂ ಹೋಯಿತು.

ನೋಡಿ, ನಾಲ್ಕು ಪೋಸ್ಟಿಗೂ ವಸ್ತು ಒಂದೇ. ಕೇಳಿದ ಪ್ರಶ್ನೆ ಬದಲಾಯಿತು ಅಷ್ಟೇ.

ಅಕ್ಕನಿಗೆ ಇನ್ನೊಂದು ಕಾರಣಕ್ಕೂ ಋಣಿ. ಕೊಂಡಿ ಹಾಕೋದು ದಿನಾ ನಡೆಯೋ ಕೆಲಸ ಅಲ್ಲ. ನಾನು ನನ್ನ ಹಾಳೆಯ ಪ್ರಕಾರ ಮಂಗಳವಾರ ಬೆಳಗಿನ ಬಸ್ಸಿಗೆ ಹೋದರೆ ಮಗ್ಗದ ಮೇಲೆ ಸೀರೆಯ ಮೈ ನೇಯೋದಷ್ಟೇ ನಡೀತಿತ್ತು. ಎರಡು ಸಲ ಹಾಗೆ ಬರಿಗೈಲಿ ಬಂದೆ. ಈಗ ಅವರೇ ಹಿಂದಿನ ರಾತ್ರಿ ಫೋನ್ ಮಾಡ್ತಾರೆ, "ನಾಳಿ ಕೊಂಡಿ ಹಾಕ್ತೀನಿ, ಬಾ ತಂಗಿ" ಅಂತ. ತಿಂಗಳಿಗೆ ಒಂದೇ ದಿನ ಹೋಗಿ, ಮುಂದಿನ ತಿಂಗಳಿಗೆ ಬೇಕಾದ್ದೆಲ್ಲ ಚಿತ್ರಿಸಿಕೊಂಡು ಬರ್ತೀನಿ.

ಮೂರನೆಯದು ನಮ್ಮ ಕೌಂಟರ್ ಹುಡುಗನಿಗೆ. ಗಲ್ಲಾಪೆಟ್ಟಿಗೆ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆಯಬೇಕು, ತಾರೀಖು ಹಾಕಬೇಕು. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಗೀಟು. ಐದು ಗೀಟು ಬಿದ್ದದ್ದು ಮುಂದಿನ ಹಾಳೆಯಲ್ಲಿ ಮೊದಲು ಕೂರ್ತದೆ. ಮೊದಮೊದಲು ಅವನು 'ಬಣ್ಣದ ಬಗ್ಗೆ ವಿಚಾರಿಸಿದರು' ಅಂತ ಬರೀತಿದ್ದ. ಅದರಿಂದ ಏನೂ ಹುಟ್ಟೋದಿಲ್ಲ. 'ಕೆಂಪ್ ಸೆರಗು ಬಿಳಿ ಜಂಪರಿಗೆ ಹತ್ತತದೇನು?' ಅಂತ ಬರೆದ ದಿನ ಅದೇ ತಲೆಬರಹ ಆಯಿತು. ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಒಳತುದಿಗೆ ಒತ್ತಿ ನೋಡೋ ಆ ವಿಡಿಯೋವನ್ನೇ ನೀವು ಎಲ್ಲಕ್ಕಿಂತ ಜಾಸ್ತಿ ಸೇವ್ ಮಾಡಿದ್ದು.

ಇನ್ನು ನಿಮಗೆ. ಬೈದವರಿಗೆ ಮೊದಲು. ಪಂಚಮಿಗೆ ಮೊದಲ ವರ್ಷ ನಾನು ಪಂಚಮಿ ದಿನವೇ ಚಂದದ ಪೋಸ್ಟ್ ಹಾಕಿದ್ದೆ. 'ಈಗ ಹೇಳಿದರೆ ಏನುಪಯೋಗ, ಜಂಪರ್ ಯಾವಾಗ ಹೊಲಿಸೋದು' ಅಂತ ಮೂರು ಜನ ಕೇಳಿದಿರಿ. ಸರಿಯಾಗೇ ಕೇಳಿದಿರಿ. ತವರಿಗೆ ಹೊರಡೋ ಹೆಣ್ಣುಮಗಳು ಅಷ್ಟೊತ್ತಿಗೆ ಸೀರೆ ತಗೊಂಡಾಗಿರ್ತದೆ. ಶ್ರಾವಣದಲ್ಲಿ ದರ್ಜಿಯವರು ಕೈಗೆ ಸಿಗೋದೇ ಇಲ್ಲ. ಈಗ ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸ್ತೀನಿ: ಹೊಲಿಗೆಗೆ ಎರಡು ವಾರ, ಆರಿಸೋಕೆ ಒಂದು ವಾರ. ಕಸೂತಿ ಬೇಕಾದರೆ ಇನ್ನೂ ಹಿಂದೆ. ಹಾಗಾಗಿ ಪಂಚಮಿಯ ಮಾತು ಆಷಾಢದಲ್ಲೇ ಶುರು. ಆಷಾಢದಲ್ಲಿ ಮದುವೆ ಇಲ್ಲ, ಕೊಳ್ಳೋರು ಕಡಿಮೆ, ಆದರೆ ಓದೋರು ಇರ್ತಾರೆ. ಅದರ ಮೊದಲರ್ಧ ಪೂರಾ ಜೋಪಾನಕ್ಕೆ ಕೊಡ್ತೀನಿ.

ಸುಮ್ಮನಾದವರಿಗೂ ನಮಸ್ಕಾರ. ಮಾಗಿಯಲ್ಲಿ ಒಂದು ತಿಂಗಳು ಕಾಮೆಂಟಿನಲ್ಲಿ ಬರೀ 'ಸೂಪರ್', 'ರೇಟ್ ಎಷ್ಟು' ಅಷ್ಟೇ ಬಂತು. ಒಬ್ಬರೂ ಏನನ್ನೂ ಕೇಳಲಿಲ್ಲ. ಲೈಕ್ ಕಡಿಮೆಯಾಗಿರಲಿಲ್ಲ, ಅದಕ್ಕೇ ಗೊತ್ತಾಗೋದು ತಡವಾಯಿತು. ಹಾಳೆ ನೋಡಿದರೆ ಮೂರು ವಾರವೂ ಗುರುತಿನ ಕಂಬವೇ ಖಾಲಿ. ನಾನು ಮಗ್ಗದ ವಿಡಿಯೋಗಳ ಮೋಹಕ್ಕೆ ಬಿದ್ದಿದ್ದೆ. ನೋಡೋಕೆ ಚಂದ, ಕೇಳೋಕೆ ಏನಿಲ್ಲ. ಅಂದಿನಿಂದ ತುಂಬಿದ ಮನೆಗೆ ಹಾಳೆಯಲ್ಲಿ ಬಣ್ಣ ಹಚ್ತೀನಿ, ಒಂದೇ ಕಡೆ ಬಣ್ಣ ಸೇರಿದರೆ ದೂರದಿಂದಲೇ ಕಾಣ್ತದೆ. ಬಣ್ಣದ ಪೆನ್ಸಿಲ್ ಮಗಳದು, ಅವಳಿಗೂ ಥ್ಯಾಂಕ್ಸ್.

ಹದಿಮೂರನೇ ಹಾಳೆ ಮೇಜಿನ ಮೇಲಿದೆ. ಈ ಸಲ ಕಸೂತಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕು ಹೊಲಿಗೆಗೆ ನಾಲ್ಕು ವಾರ ಅಂತ ತಾನಾಗೇ ಕೂತುಬಿಟ್ಟಿತು. ಮೊದಲ ವಾರ ಗವಂತಿ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣೋದು. ಅದರ ಗುರುತಿನ ಮನೆಗೆ ನೋಟ್‌ಬುಕ್ಕಿನಲ್ಲಿ ಆಗಲೇ ನಾಲ್ಕು ಗೀಟಿನ ಪ್ರಶ್ನೆ ಒಂದಿದೆ: 'ಗಂಟೇ ಹಾಕಂಗಿಲ್ಲ ಅಂದ್ರ ದಾರ ಹೆಂಗ ನಿಲ್ಲತದ?' ಪೆಟ್ಟಿಗೆಯ ಮನೆ ಖಾಲಿ ಇದೆ. ಯಾರ ಹತ್ತಿರವಾದರೂ ಹಳೇ ಕಸೂತಿ ಇದ್ದರೆ ಒಳಮೈಯ ಫೋಟೋ ಕಳಿಸಿ.