ನವೀಕರಣ ಪತ್ರ: ಕಂತಿನಲ್ಲಿ ಪ್ರೀಮಿಯಂ ಕಟ್ಟುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ಕಂತುಗಳಲ್ಲಿ ಕಟ್ಟುವ ಸದಸ್ಯರು ಈ ಬಾರಿಯ ನವೀಕರಣ ಪತ್ರವನ್ನು ದಯವಿಟ್ಟು ಪೂರ್ತಿ ಓದಿ. ಮೊತ್ತವನ್ನಷ್ಟೇ ನೋಡಿ ಮಡಚಿಡಬೇಡಿ, ದಿನಾಂಕಗಳನ್ನೂ ನೋಡಿ.

ಮೊದಲು ಕಂತಿನ ಗಡುವು ಹುಡುಕಿ. ಗಡುವು ದಾಟಿದ ಮೇಲೂ ಹಣ ಕಟ್ಟಲು ಸಿಗುವ ಹೆಚ್ಚುವರಿ ದಿನಗಳೇ ಗ್ರೇಸ್ ಅವಧಿ. ಅದನ್ನು ಎಣಿಸುವುದು ಗಡುವಿನ ದಿನದಿಂದ, ಪತ್ರ ಕೈಸೇರಿದ ದಿನದಿಂದಲ್ಲ. ಗಡುವು ಜೂನ್ 5 ಆಗಿದ್ದು 15 ದಿನಗಳ ಗ್ರೇಸ್ ಇದ್ದರೆ, ಜೂನ್ 20ರೊಳಗೆ ಹಣ ಕಂಪನಿಗೆ ಜಮೆಯಾಗಿರಬೇಕು. ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಇದ್ದವರೂ ರಸೀದಿ ಬಂದಿದೆಯೇ ನೋಡಿ. ಖಾತೆಯಲ್ಲಿ ಹಣ ಸಾಲದೆ ಕಡಿತ ತಪ್ಪಿದರೆ ದಿನಗಳ ಎಣಿಕೆ ನಿಲ್ಲುವುದಿಲ್ಲ. ಗ್ರೇಸ್ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ಸಿಗುವ ಬಗ್ಗೆ ನಿಮ್ಮ ಪಾಲಿಸಿಯಲ್ಲಿ ಏನು ಬರೆದಿದೆ ಎಂದೂ ನೋಡಿ. ಆ ಸಾಲಿನ ಕೆಳಗೆ ಗೆರೆ ಎಳೆದಿಡಿ.

ಗ್ರೇಸ್ ಅವಧಿ ಮೀರಿದರೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ, ಅಂದರೆ ವಿಮೆಯ ರಕ್ಷಣೆ ನಿಂತುಹೋಗುತ್ತದೆ. ಪುನರುಜ್ಜೀವನಕ್ಕೆ ಬಾಕಿ ಕಂತಿನ ಜೊತೆಗೆ ಶುಲ್ಕ ಅಥವಾ ಬಡ್ಡಿ ಕೇಳಬಹುದು. ನನಗೆ ಹೆಚ್ಚು ಆತಂಕ ಇರುವುದು ಬೇರೆಯದರ ಬಗ್ಗೆ: ಹೊಸದಾಗಿ ಆರೋಗ್ಯ ಘೋಷಣೆ ಕೇಳಬಹುದು, ಹಳೆಯ ಕಾಯಿಲೆಗಳಿಗೆ ಖರ್ಚು ಸಿಗುವ ಮುನ್ನ ಕಾಯಬೇಕಾದ ಅವಧಿ ಮೊದಲಿನಿಂದ ಶುರುವಾಗಬಹುದು.

ಭಾನುವಾರದೊಳಗೆ ನಿಮ್ಮ ಗಡುವಿನ ದಿನಾಂಕವನ್ನು ಇಲ್ಲಿ ಬರೆಯಿರಿ, ಪಾಲಿಸಿ ಸಂಖ್ಯೆ ಹಾಕಬೇಡಿ. ಅರ್ಥವಾಗದ ಸಾಲಿದ್ದರೆ ಅದನ್ನಷ್ಟೇ ಕಳುಹಿಸಿ, ಕೂಡಿ ಓದೋಣ.